ಬೀಜಕ್ಕೆ ಸಾಲ ಮಾಡಲೋ, ಗೋವಿನಜೋಳ ಬರೋತನಕ ಕಾಯಲೋ: ಬಸಣ್ಣನ ಎರಡು ದಿನದ ಲೆಕ್ಕ

ಸೆಪ್ಟೆಂಬರ್ ಮುಗಿಯುತ್ತಾ ಬಂದಿತ್ತು. ಹಸ್ತಾ ಮಳೆ ಕೂಡಿ ಎರಡು ದಿನ ಆಗಿತ್ತು. ರೋಣ ತಾಲೂಕಿನ ಒಂದು ಹಳ್ಳಿಯಲ್ಲಿ ಬಸಣ್ಣ ಹೊಲದ ಬದುವಿನ ಮೇಲೆ ಕೂತು ಎರಡು ಕಡೆ ನೋಡುತ್ತಿದ್ದ. ಎಡಕ್ಕೆ ಮೂರು ಎಕರೆ ಗೋವಿನಜೋಳ, ಅಂದರೆ ಮೆಕ್ಕೆಜೋಳ. ತೆನೆ ಇನ್ನೂ ಹಸಿರು. ಬಲಕ್ಕೆ ನಾಲ್ಕು ಎಕರೆ ಖಾಲಿ ಎರೆ, ಅಂದರೆ ಕರಿ ಮಣ್ಣಿನ ಹೊಲ. ಹೆಸರು ಬೆಳೆ ತೆಗೆದು ಹರಗಿ ಬಿಟ್ಟದ್ದು, ಕಡಲೆಗಾಗಿ ಕಾಯುತ್ತಿರುವುದು. ಹೆಸರಿನ ದುಡ್ಡು ಮಗಳ ಕಾಲೇಜಿಗೆ ಮತ್ತು ಹಳೇ ಉದ್ರಿಗೆ ಹೋಗಿತ್ತು. ಕೈಯಲ್ಲಿ ಏನೂ ಇಲ್ಲ.

ಬಸಣ್ಣ ಅನ್ನೋ ಹೆಸರಿನ ಒಬ್ಬ ರೈತ ಇದ್ದಾನೆ ಅಂತ ಹುಡುಕಲು ಹೋಗಬೇಡಿ. ಲೆಕ್ಕ ಹೇಳುವುದಕ್ಕೆ ನಾನು ಕಟ್ಟಿಕೊಂಡ ಮನುಷ್ಯ ಅವನು. ಅವನ ಬಾಡಿಗೆ, ಇಳುವರಿ, ಪೇಟೆ ಧಾರಣೆಗಳೂ ನಾನು ಹಾಕಿಕೊಂಡವೇ. ಆದರೆ ಅವನು ಸಿಕ್ಕಿಕೊಂಡ ಇಕ್ಕಟ್ಟು ಗದಗ ಸೀಮೆಯ ಎರೆ ಹೊಲಗಳಲ್ಲಿ ಪ್ರತಿ ವರ್ಷದ್ದು. ದುಡ್ಡು ಕೊಡುವ ಬೆಳೆ ಒಂದು ತಿಂಗಳು ತಡ, ದುಡ್ಡು ಕೇಳುವ ಬೆಳೆಗೆ ಈಗಲೇ ಹದ.

ಮೊದಲ ಪ್ರಶ್ನೆ ಸರಳ. ಎಷ್ಟು ದುಡ್ಡು ಬೇಕು? ಬಸಣ್ಣ ಮೊದಲು ಹೇಳಿದ್ದು "ಒಂದು ಮೂವತ್ತು ಸಾವಿರ ಬೇಕಾಕ್ಕೈತಿ" ಅಂತ. ಇಲ್ಲೇ ಬಹಳ ಜನ ಎಡವುವುದು. ಕಡಲೆಗೆ ಒಟ್ಟು ಖರ್ಚು ಎಷ್ಟು ಅನ್ನುವುದು ಬೇರೆ, ಬಿತ್ತುವ ದಿನ ಕೈಯಲ್ಲಿ ಎಷ್ಟು ಇರಬೇಕು ಅನ್ನುವುದು ಬೇರೆ. ಕಾಯಿಕೊರಕಕ್ಕೆ ಎಣ್ಣೆ ಹೊಡೆಯುವುದು ನವೆಂಬರ್ ಮೇಲೆ. ಕೀಳುವುದು, ರಾಶಿ ಮಾಡುವುದು ಜನವರಿಯಲ್ಲಿ. ಅಷ್ಟು ಹೊತ್ತಿಗೆ ಗೋವಿನಜೋಳ ಮಾರಿ ಆಗಿರುತ್ತದೆ. ಆ ಖರ್ಚಿಗೆ ಅಕ್ಟೋಬರ್‌ನಲ್ಲೇ ಸಾಲ ಮಾಡಿ ಬಡ್ಡಿ ಕಟ್ಟುವುದು ಯಾಕೆ?

ಹಾಗೆ ಸೋಸಿದಾಗ ಉಳಿದದ್ದು ಇಷ್ಟು. ಎಕರೆಗೆ 25 ಕಿಲೋದಂತೆ ನಾಲ್ಕು ಎಕರೆಗೆ ಒಂದು ಕ್ವಿಂಟಲ್ ಬೀಜ, ಅಂಗಡಿಯಲ್ಲಿ ಕಿಲೋಗೆ 90 ಅಂದರೆ 9,000. ಡಿಎಪಿ ಎರಡು ಚೀಲ, ಚೀಲಕ್ಕೆ 1,350ರಂತೆ 2,700. ಟ್ರ್ಯಾಕ್ಟರ್ ಕೂರಿಗೆ ಬಾಡಿಗೆ ಎಕರೆಗೆ 700, ಒಟ್ಟು 2,800. ಬೀಜೋಪಚಾರ, ಚಹಾ, ಪುಡಿ ಖರ್ಚು 500. ಎಲ್ಲ ಸೇರಿ 15,000. ಮೂವತ್ತು ಇದ್ದದ್ದು ಅರ್ಧಕ್ಕೆ ಬಂತು, ಇನ್ನೂ ಯಾರ ಅಂಗಡಿಯ ಮೆಟ್ಟಿಲೂ ಹತ್ತಿರಲಿಲ್ಲ.

ಎಷ್ಟು ದಿನಕ್ಕೆ? ಗೋವಿನಜೋಳ ಜುಲೈ ಮೊದಲ ವಾರ ಬಿತ್ತಿದ್ದು. ಅಕ್ಟೋಬರ್ 25ರ ಸುಮಾರಿಗೆ ಮುರಿಯಬಹುದು. ತೆನೆ ಒಣಗಬೇಕು, ಮಷಿನ್ ಸಿಗಬೇಕು, ಕಾಳು ಇನ್ನೊಂದು ಸಲ ಬಿಸಿಲು ಕಾಣಬೇಕು. ಹಸಿ ಮಾಲು ಒಯ್ದರೆ ಧಾರಣೆ ಬೀಳುತ್ತದೆ ಅಂತ ಅವನಿಗೆ ಗೊತ್ತು. ನವೆಂಬರ್ ಮಧ್ಯಕ್ಕೆ ದುಡ್ಡು ಅಂತ ಇಟ್ಟುಕೊಂಡ. ಮಳೆ ಗಿಳೆ ಬಂದು ಕಣದಲ್ಲಿ ಸಿಕ್ಕಿಬಿದ್ದರೆ ಅಂತ ಇನ್ನೂ ಎರಡು ವಾರ ಸೇರಿಸಿ, ಎರಡು ತಿಂಗಳು ಅಂದುಕೊಂಡ.

ಈಗ ಇನ್ನೊಂದು ಮಗ್ಗುಲು. ಸಾಲ ಮಾಡದೆ ಕಾದರೆ ಏನಾಗುತ್ತದೆ?

ಎರೆ ಹೊಲದ ಕಡಲೆಗೆ ನೀರು ಹಾಯಿಸುವವರು ಕಡಿಮೆ. ಮುಂಗಾರು ಮಳೆ, ಉತ್ತರಿ, ಹಸ್ತಾ ಮಳೆಯ ನೀರನ್ನು ಕರಿ ಮಣ್ಣು ಹಿಡಿದುಕೊಂಡಿರುತ್ತದೆ. ಕಡಲೆ ಆ ಕೂಡಿಟ್ಟ ನೀರಿನ ಮೇಲೆ ಬದುಕುತ್ತದೆ, ಜೊತೆಗೆ ಚಳಿಗಾಲದ ಇಬ್ಬನಿ. ಅಂದರೆ ಬಿತ್ತುವ ದಿನಕ್ಕೆ ನೆಲದಲ್ಲಿ ಎಷ್ಟು ಹಸಿ ಇದೆಯೋ ಅದೇ ಅದರ ಬಂಡವಾಳ. ಹಸ್ತಾ ಮುಗಿದು ಚಿತ್ತಾ ಮಳೆ ಬರದೆ ಹೋದರೆ ಮೇಲಿನ ಮಣ್ಣು ದಿನದಿನಕ್ಕೆ ಒಣಗುತ್ತದೆ, ಆಮೇಲೆ ಬಿರಿಯುತ್ತದೆ. ಕಡಲೆ ಬೀಜವನ್ನು ಎರಡು ಮೂರು ಅಂಗುಲ ಆಳಕ್ಕೆ ಬಿಡುತ್ತಾರೆ. ಹಸಿ ಅದಕ್ಕಿಂತ ಕೆಳಗೆ ಇಳಿದರೆ ಬೀಜ ಒಣ ಮಣ್ಣಿನಲ್ಲಿ ಸುಮ್ನೆ ಕೂರುತ್ತದೆ. ಅಲ್ಲೊಂದು ಇಲ್ಲೊಂದು ಹುಟ್ಟಿ ಹೊಲ ಬೋಳು ಬೋಳು ಕಾಣುತ್ತದೆ.

ಇನ್ನೊಂದು ತೊಂದರೆ ಕೊನೆಯಲ್ಲಿ ಬರುವುದು. ಜೆಜಿ-11 ತಳಿ ಹೆಚ್ಚುಕಡಿಮೆ ನೂರು ದಿನದ ಬೆಳೆ. ಅಕ್ಟೋಬರ್ ಮೊದಲ ವಾರ ಬಿತ್ತಿದರೆ ಸಂಕ್ರಾಂತಿ ಆಸುಪಾಸಿಗೆ ಬಲಿಯುತ್ತದೆ. ಕಾಯಿ ಕಟ್ಟುವ ದಿನಗಳೆಲ್ಲ ಚಳಿಯಲ್ಲೇ ಕಳೆಯುತ್ತವೆ. ನವೆಂಬರ್ ಮಧ್ಯದಲ್ಲಿ ಬಿತ್ತಿದರೆ ಕಾಯಿ ತುಂಬುವ ಹೊತ್ತಿಗೆ ಫೆಬ್ರುವರಿ. ಶಿವರಾತ್ರಿಗೆ ಚಳಿ ಶಿವ ಶಿವ ಅಂತ ಹೋಗುತ್ತದಲ್ಲ, ಆ ಬಿಸಿಲಿಗೆ ಗಿಡ ಸಿಗುತ್ತದೆ. ಕೆಳಗೆ ನೀರಿಲ್ಲ, ಮೇಲೆ ಝಳ. ಗಿಡ ಅವಸರ ಮಾಡಿ ಹಣ್ಣಾಗುತ್ತದೆ, ಕಾಳು ಸಣ್ಣಗೆ ಉಳಿಯುತ್ತದೆ.

ಹಾಗಂತ ಬೇಗ ಬಿತ್ತಿದಷ್ಟೂ ಒಳ್ಳೆಯದು ಅಂತ ಅಲ್ಲ. ಸೆಪ್ಟೆಂಬರ್‌ನಲ್ಲೇ ನೆಲ ಬೆಚ್ಚಗಿರುವಾಗ ಬಿತ್ತಿದವರ ಹೊಲದಲ್ಲಿ ಸೊರಗು ರೋಗ ಜಾಸ್ತಿ ಕಂಡದ್ದುಂಟು. ಬಸಣ್ಣನ ಅಪ್ಪ ಹಸ್ತಾದಲ್ಲಿ ಬಿತ್ತುತ್ತಿದ್ದ, ತಪ್ಪಿದರೆ ಚಿತ್ತಾದಲ್ಲಿ. ಅಂದರೆ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ 23ರ ತನಕ. ಸ್ವಾತಿ ಮಳೆಗೆ ಹೋದರೆ ಅದೃಷ್ಟದ ಮಾತು.

ಬಸಣ್ಣ ತನ್ನ ಹೊಲದ ಅನುಭವದಿಂದ ಅಂದಾಜು ಮಾಡಿದ. ಹದದಲ್ಲಿ ಬಿತ್ತಿದರೆ ಎಕರೆಗೆ ನಾಲ್ಕು ಕ್ವಿಂಟಲ್. ನವೆಂಬರ್ ಮಧ್ಯಕ್ಕೆ ಬಿತ್ತಿದರೆ ಎರಡು, ಅದೂ ಹುಟ್ಟಿದರೆ. ವ್ಯತ್ಯಾಸ ನಾಲ್ಕು ಎಕರೆಗೆ ಎಂಟು ಕ್ವಿಂಟಲ್. ರಾಶಿ ಹೊತ್ತಿಗೆ ಕ್ವಿಂಟಲ್‌ಗೆ 5,400 ಸಿಕ್ಕೀತು ಅಂದರೆ 43,200 ರೂಪಾಯಿ. ಕಾಯುವುದಕ್ಕೂ ಒಂದು ಬಡ್ಡಿ ಇದೆ, ಅದನ್ನು ಯಾರೂ ಪುಸ್ತಕದಲ್ಲಿ ಬರೆಯುವುದಿಲ್ಲ ಅಷ್ಟೇ.

ಇಷ್ಟು ಲೆಕ್ಕ ಮುಗಿಯುತ್ತಲೇ ಬಸಣ್ಣ ಬೈಕ್ ಹತ್ತಿದ. ಪ್ರತಿ ವರ್ಷ ಮಾಲು ಹಾಕುವ ದಲಾಲಿ ಅಂಗಡಿಗೆ ಹೋದ.

"ನೂರಕ್ಕ ಮೂರು ರೂಪಾಯಿ ಬಸಣ್ಣ. ಎಲ್ಲಾರಿಗೂ ಅದ ದರ. ಗೋವಿನಜೋಳ ಮಾತ್ರ ನಮ್ಮ ಅಂಗಡಿಗೇ ಬರಬೇಕು ನೋಡು" ಅಂದರು ಸಾವಕಾರರು. ಡ್ರಾ ತೆಗೆದು ನೋಟು ಎಣಿಸಲಿಕ್ಕೇ ಶುರು ಮಾಡಿದ್ದರು.

ಮೂರು ರೂಪಾಯಿ ಬಡ್ಡಿ ಅಂದರೆ ತಿಂಗಳಿಗೆ ನೂರಕ್ಕೆ ಮೂರು, ವರ್ಷಕ್ಕೆ ಶೇಕಡಾ 36. ಬ್ಯಾಂಕಿನವರು ವರ್ಷದ ಲೆಕ್ಕ ಹೇಳುತ್ತಾರೆ, ಅಂಗಡಿಯವರು ತಿಂಗಳ ಲೆಕ್ಕ ಹೇಳುತ್ತಾರೆ. ಎರಡನ್ನೂ ಪಕ್ಕದಲ್ಲಿಟ್ಟು ನೋಡುವಾಗ ಹನ್ನೆರಡರಿಂದ ಗುಣಿಸಬೇಕು ಅನ್ನುವುದು ಮರೆತುಹೋಗುತ್ತದೆ. ಆದರೂ ಬಸಣ್ಣನಿಗೆ ಅದು ಭಾರ ಅನ್ನಿಸಲಿಲ್ಲ. 15,000ಕ್ಕೆ ಎರಡು ತಿಂಗಳಿಗೆ 900 ರೂಪಾಯಿ. 43,000 ಉಳಿಸಲು 900 ಕೊಟ್ಟರೆ ಏನಾಯಿತು?

ಆದರೆ ಆ ಎರಡನೇ ಮಾತು ಅವನ ತಲೆಯಲ್ಲಿ ಕೊರೆಯುತ್ತಿತ್ತು. ಮಾಲು ನಮ್ಮ ಅಂಗಡಿಗೇ ಬರಬೇಕು. ಹೋದ ವರ್ಷ ಪಕ್ಕದ ಓಣಿಯವನೊಬ್ಬ ಹೀಗೇ ಸಾಲ ತಗೊಂಡು ಮಾಲು ಹಾಕಿದ್ದ. ಅದೇ ದಿನ, ಅದೇ ಪೇಟೆ, ಆದರೆ ಸಾಲ ಇಲ್ಲದವರ ಮಾಲಿಗಿಂತ ಇವನದ್ದು ಕ್ವಿಂಟಲ್‌ಗೆ 50 ರೂಪಾಯಿ ಕಡಿಮೆಗೆ ಹೋಗಿತ್ತು. ಕೇಳಿದರೆ "ಹಸಿ ಐತಿ" ಅಂದಿದ್ದರು. ಬೇರೆ ಅಂಗಡಿಗೆ ಒಯ್ಯುವ ಹಾಗಿಲ್ಲ, ಟೆಂಡರ್ ಪಟ್ಟಿ ನೋಡಿ ಜಗಳ ಮಾಡುವ ಹಾಗೂ ಇಲ್ಲ.

ಬಸಣ್ಣನಿಗೆ ಎಕರೆಗೆ 18ರಂತೆ 54 ಕ್ವಿಂಟಲ್ ಗೋವಿನಜೋಳ ಬರುವ ಅಂದಾಜು. ಕ್ವಿಂಟಲ್‌ಗೆ 50 ಹೋದರೆ 2,700. ಅದರ ಮೇಲೆ ಬಾಯಲ್ಲಿ ಹೇಳಿದ ಬಡ್ಡಿ 900. ಒಟ್ಟು 3,600. ಹದಿನೈದು ಸಾವಿರಕ್ಕೆ ಎರಡು ತಿಂಗಳಿಗೆ 3,600 ಅಂದರೆ ತಿಂಗಳಿಗೆ ನೂರಕ್ಕೆ ಹನ್ನೆರಡು. ಮೂರು ರೂಪಾಯಿ ಅಂತ ಕೇಳಿಸಿದ ಬಡ್ಡಿ ನಿಜವಾಗಿ ಹನ್ನೆರಡು ರೂಪಾಯಿ. ಇಲ್ಲಿ ಒಂದು ವಿಚಿತ್ರ ಇದೆ. ಸಾಲ ಸಣ್ಣದಾದಷ್ಟೂ ಈ ಕಟ್ಟು ದುಬಾರಿ. ಐದು ಸಾವಿರ ತಗೊಂಡಿದ್ದರೂ 54 ಕ್ವಿಂಟಲ್ ಅದೇ ಅಂಗಡಿಗೆ ಹೋಗಬೇಕಿತ್ತು, ಅದೇ 2,700 ಬಿಡಬೇಕಿತ್ತು.

"ನಾಳಿ ಹೇಳ್ತೀನ್ರಿ ಸಾವಕಾರ" ಅಂತ ಎದ್ದು ಬಂದ.

ಸೊಸೈಟಿ ಇಲ್ಲವಾ ಅಂತ ನೀವು ಕೇಳಬಹುದು. ಇದೆ. ಕರ್ನಾಟಕದಲ್ಲಿ ಸಹಕಾರ ಸಂಘದ ಬೆಳೆ ಸಾಲಕ್ಕೆ ಬಡ್ಡಿಯೇ ಇಲ್ಲ. ಮೂರು ಲಕ್ಷ ಇದ್ದ ಮಿತಿಯನ್ನು 2023ರ ಬಜೆಟ್‌ನಲ್ಲಿ ಐದು ಲಕ್ಷಕ್ಕೆ ಏರಿಸಿದರು. ಆದರೆ ಐದು ಲಕ್ಷ ಅನ್ನುವುದು ಮೇಲಿನ ಮಿತಿ. ಕೈಗೆ ಬರುವುದು ಎಷ್ಟು ಎಕರೆ, ಯಾವ ಬೆಳೆ, ಸಂಘದಲ್ಲಿ ಹಣ ಎಷ್ಟಿದೆ ಅನ್ನುವುದರ ಮೇಲೆ. ಬಸಣ್ಣ ಜೂನ್‌ನಲ್ಲೇ ತನ್ನ ಪಾಲಿನ 60,000 ಎತ್ತಿ ಆಗಿತ್ತು. ಅದನ್ನು ಮಾರ್ಚ್ ಒಳಗೆ ಕಟ್ಟಬೇಕು. ಕಟ್ಟದಿದ್ದರೆ ಸೊನ್ನೆ ಬಡ್ಡಿಯ ಸೌಲಭ್ಯ ಹೋಗುತ್ತದೆ, ಹಳೇದು ತೀರುವ ತನಕ ಹೊಸ ಸಾಲವೂ ಇಲ್ಲ.

ಬ್ಯಾಂಕಿನ ಕಿಸಾನ್ ಕ್ರೆಡಿಟ್ ಕಾರ್ಡ್ ಇದ್ದವರ ಕಥೆ ಬೇರೆ. ಮೂರು ಲಕ್ಷದ ತನಕ ಬಡ್ಡಿ ಶೇಕಡಾ 7, ಸಮಯಕ್ಕೆ ಕಟ್ಟಿದರೆ 4. ಮಿತಿಯಲ್ಲಿ ಜಾಗ ಇದ್ದರೆ ಬೇಕಾದಾಗ ತೆಗೆದು, ಬಂದಾಗ ಕಟ್ಟಬಹುದು. ವರ್ಷಕ್ಕೆ ನೂರಕ್ಕೆ 4ರಂತೆ 15,000ಕ್ಕೆ ಎರಡು ತಿಂಗಳಿಗೆ ಬೀಳುವುದು ಬರೀ 100 ರೂಪಾಯಿ. ಅಂಥವರು ಈ ಲೇಖನ ಇಲ್ಲಿಗೇ ಬಿಟ್ಟು ಹೊಲಕ್ಕೆ ಹೋಗಬಹುದು. ಬಸಣ್ಣನ ಹತ್ತಿರ ಕಾರ್ಡ್ ಇರಲಿಲ್ಲ. ಮಾಡಿಸುವಷ್ಟು ದಿನ ಹಸಿ ಕಾಯುವುದಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಹೆಂಡತಿ ಗಂಗವ್ವನಿಗೆ ಎಲ್ಲಾ ಹೇಳಿದ. ಹನ್ನೆರಡು ರೂಪಾಯಿ ಬಡ್ಡಿ ಬಿದ್ದರೂ ಲಾಭವೇ ಅಂದ. 3,600 ಎಲ್ಲಿ, 43,000 ಎಲ್ಲಿ?

ಗಂಗವ್ವ ರೊಟ್ಟಿ ತಿರುವಿ ಹಾಕುತ್ತಾ ಕೇಳಿದಳು. "ಕಡ್ಲಿ ಬಂದ್ರ ಸರಿ ಅದರೀ. ಬರಲಿಲ್ಲಂದ್ರ?"

ಇದು ಕುಹಕದ ಪ್ರಶ್ನೆ ಅಲ್ಲ, ಲೆಕ್ಕದಲ್ಲಿ ಬಿಟ್ಟುಹೋಗಿದ್ದ ಸಾಲು. ಬಸಣ್ಣನ 43,000 ಒಳ್ಳೆ ವರ್ಷದ್ದು. ಒಳ್ಳೆ ವರ್ಷದ ಲೆಕ್ಕ ಹಾಕಿದರೆ ಯಾವ ಬಡ್ಡಿಗೆ ಸಾಲ ಮಾಡಿದರೂ ಸರಿ ಅಂತಲೇ ಉತ್ತರ ಬರುತ್ತದೆ. ಹತ್ತು ರೂಪಾಯಿ ಆದರೂ ಸರಿ, ಇಪ್ಪತ್ತಾದರೂ ಸರಿ. ಊರಲ್ಲಿ ಮುಳುಗಿದವರೆಲ್ಲ ಬಡ್ಡಿ ಲೆಕ್ಕ ಬಾರದೆ ಮುಳುಗಿದವರಲ್ಲ. ಅವರು ಬೆಳೆ ಬರುತ್ತದೆ ಅಂತಲೇ ಲೆಕ್ಕ ಹಾಕಿದವರು. ಹಾಗಾಗಿ ಇನ್ನೊಂದು ಪ್ರಶ್ನೆ ಬೇರೆಯಾಗಿ ಕೇಳಬೇಕು. ಕಡಲೆ ಪೂರಾ ಹೋದರೂ ಈ ಸಾಲ ಯಾವ ದುಡ್ಡಿನಿಂದ ತೀರುತ್ತದೆ?

ಬಸಣ್ಣನ ಉತ್ತರ ಗೋವಿನಜೋಳ. ಸರಿ, ಅದರ ಕೆಟ್ಟ ಲೆಕ್ಕ ಹಾಕೋಣ. 2025ರ ಮುಂಗಾರಿಗೆ ಮೆಕ್ಕೆಜೋಳದ ಬೆಂಬಲ ಬೆಲೆ 2,400 ಇತ್ತು. ಆದರೆ ಪೇಟೆ ಧಾರಣೆ ಅದಕ್ಕಿಂತ ಬಹಳ ಕೆಳಗಿತ್ತು. ಆ ನವೆಂಬರ್‌ನಲ್ಲಿ ಇದೇ ಗದಗ ಜಿಲ್ಲೆಯ ಲಕ್ಷ್ಮೇಶ್ವರದಲ್ಲಿ ರೈತರು ಖರೀದಿ ಕೇಂದ್ರ ತೆರೆಯಿರಿ ಅಂತ ಧರಣಿ ಕೂತಿದ್ದರು. ಖರೀದಿ ಕೇಂದ್ರ ತೆರೆದರೂ ನೋಂದಣಿ, ಮಿತಿ, ಖಾತೆಗೆ ದುಡ್ಡು ಅಂತ ದಿನ ಹಿಡಿಯುತ್ತದೆ. ಸಾಲ ತೀರಿಸುವ ಲೆಕ್ಕಕ್ಕೆ ಬೆಂಬಲ ಬೆಲೆ ಹಿಡಿಯಬಾರದು. ಬಸಣ್ಣ 1,600 ಹಿಡಿದ.

54 ಕ್ವಿಂಟಲ್‌ಗೆ 1,600ರಂತೆ 86,400. ಮುರಿಯುವ ಕೂಲಿ, ಮಷಿನ್, ಚೀಲ, ಗಾಡಿ ಬಾಡಿಗೆಗೆ 22,000 ತೆಗೆದರೆ 64,400. ಸೊಸೈಟಿಗೆ 60,000. ಉಳಿಯುವುದು 4,400.

ಗಂಗವ್ವನೇ ಮಗಳ ಹಳೇ ನೋಟ್‌ಬುಕ್ಕಿನ ಹಿಂದೆ ಈ ಲೆಕ್ಕ ಬರೆದದ್ದು. 4,400ರ ಕೆಳಗೆ ಎರಡು ಗೆರೆ ಎಳೆದು ಗಂಡನ ಕಡೆ ತಿರುಗಿಸಿದಳು. ಹದಿನೈದು ಸಾವಿರ ಸಾಲ ಮಾಡಿ ಕಡಲೆ ಹೋದರೆ ಬಡ್ಡಿ ಬಿಟ್ಟೇ ಸುಮಾರು ಹನ್ನೊಂದು ಸಾವಿರ ಕಡಿಮೆ ಬೀಳುತ್ತದೆ. ಅಷ್ಟು ಹೊತ್ತಿಗೆ ಎಣ್ಣೆ ಹೊಡೆದಿದ್ದರೆ ಅದರದ್ದೂ ಆರು ಸಾವಿರ. ಆ ಹದಿನೇಳು ಸಾವಿರದ ಕೊರತೆ ಸೊಸೈಟಿಯ ಕಂತನ್ನು ತಪ್ಪಿಸುತ್ತದೆ. ಸೊನ್ನೆ ಬಡ್ಡಿಯ 60,000 ಬಡ್ಡಿಯ ಸಾಲ ಆಗುತ್ತದೆ, ಮುಂದಿನ ಜೂನ್‌ನಲ್ಲಿ ಹೆಸರು ಬಿತ್ತಲಿಕ್ಕೂ ಇದೇ ದಲಾಲಿ ಅಂಗಡಿಗೆ ಹೋಗಬೇಕಾಗುತ್ತದೆ. ಒಂದು ಬೀಜದ ಸಾಲ ಇಡೀ ವರ್ಷದ ಸಾಲವನ್ನು ಕೆಡಿಸುವುದು ಹೀಗೆ.

ಬೆಳೆ ವಿಮೆ ಮಾಡಿಸಿದರೆ? ಮಾಡಿಸಬೇಕು. ಹಿಂಗಾರಿಗೆ ರೈತ ಕಟ್ಟುವುದು ವಿಮೆ ಮೊತ್ತದ ಶೇಕಡಾ 1.5 ಮಾತ್ರ. ಆದರೆ ಪರಿಹಾರ ಸಾಮಾನ್ಯವಾಗಿ ನಿಮ್ಮೊಬ್ಬರ ಹೊಲ ನೋಡಿ ಬರುವುದಲ್ಲ, ಆ ಭಾಗದ ಒಟ್ಟು ಇಳುವರಿ ನೋಡಿ ಬರುವುದು, ಬರುವಾಗ ತಡ. ನವೆಂಬರ್‌ನಲ್ಲಿ ತೀರಿಸಬೇಕಾದ ಸಾಲಕ್ಕೆ ಅದನ್ನು ಎಣಿಸುವ ಹಾಗಿಲ್ಲ.

ಹಾಗಾದರೆ ಬಿತ್ತುವುದೇ ಬೇಡವಾ? ಗಂಗವ್ವ ಅದನ್ನೂ ಹೇಳಲಿಲ್ಲ. "ಎಲ್ಲಾ ನಾಕು ಎಕ್ರೆ ಯಾಕ? ಮ್ಯಾಲಿನ ಹೊಲದಾಗ ಹಸಿ ಐತೇನ ನೋಡ್ರಿ ಮೊದ್ಲ" ಅಂದಳು.

ಮರುದಿನ ಬೆಳಿಗ್ಗೆ ಬಸಣ್ಣ ಸಲಿಕೆ ತಗೊಂಡು ಹೋದ. ಕೆಳಗಿನ ಎರಡು ಎಕರೆ ಹಳ್ಳದ ಕಡೆ ಇಳಿಜಾರು, ಆಳ ಎರೆ. ಮೇಲಿನ ಎರಡು ಎಕರೆಯಲ್ಲಿ ಗೇಣು ಅಗೆದರೆ ಗರಸು ಸಿಗುತ್ತದೆ. ಕೆಳಗಿನ ಹೊಲದಲ್ಲಿ ಮೂರು ಅಂಗುಲ ಕೆಳಗಿನ ಮಣ್ಣು ತೆಗೆದು ಮುಷ್ಟಿಯಲ್ಲಿ ಹಿಚುಕಿದ. ಉಂಡೆ ಕಟ್ಟಿತು. ಸೊಂಟದ ಎತ್ತರದಿಂದ ಬಿಟ್ಟರೆ ಎರಡು ಮೂರು ತುಂಡಾಯಿತು, ಪುಡಿ ಆಗಲಿಲ್ಲ. ಕೈಗೆ ಮೆತ್ತಿಕೊಳ್ಳಲೂ ಇಲ್ಲ. ಇದು ಬಿತ್ತುವ ಹದ. ಮೆತ್ತಿಕೊಂಡರೆ ಇನ್ನೂ ಎರಡು ದಿನ ತಡೆಯಬೇಕು, ಇಲ್ಲದಿದ್ದರೆ ಕೂರಿಗೆ ತಾಳು ಮಣ್ಣು ಕಚ್ಚುತ್ತದೆ. ಇನ್ನೂ ಒಂದು ಗೇಣು ಕೆಳಗೆ ಅಗೆದ, ಅಲ್ಲಿಯೂ ತಂಪು.

ಮೇಲಿನ ಹೊಲದಲ್ಲಿ ಮೂರು ಅಂಗುಲಕ್ಕೆ ಹಸಿ ಇತ್ತು. ಗೇಣಿಗೆ ಸಲಿಕೆ ಗರಸಿಗೆ ಬಡಿದು ಸದ್ದು ಮಾಡಿತು. ಅಂದರೆ ಇಲ್ಲಿ ಕಡಲೆ ಹುಟ್ಟುತ್ತದೆ, ಆದರೆ ಡಿಸೆಂಬರ್‌ನಲ್ಲಿ ಕುಡಿಯಲು ನೀರು ಇರುವುದಿಲ್ಲ. ನಾಲ್ಕು ಕ್ವಿಂಟಲ್ ಅನ್ನುವ ಅವನ ಅಂದಾಜು ಕೆಳಗಿನ ಹೊಲದ್ದು. ಮೇಲಿನದ್ದಕ್ಕೂ ಅದನ್ನೇ ಹಚ್ಚಿ ಗುಣಿಸಿಬಿಟ್ಟಿದ್ದ. 43,000 ಅನ್ನುವ ಸಂಖ್ಯೆ ಅರ್ಧಕ್ಕರ್ಧ ಅಲ್ಲೇ ಸುಳ್ಳಾಯಿತು.

ಮೇಲಿನ ಎರಡು ಎಕರೆಗೆ ಜೋಳ ಹಾಕುವುದು ಅಂತಾಯಿತು. ಮಾಲದಂಡಿ ಜೋಳದ ಬೀಜ ಮನೆಯಲ್ಲೇ ಇದೆ, ತೆನೆ ಆರಿಸಿ ತೊಲೆಗೆ ಕಟ್ಟಿದ್ದು. ಎಕರೆಗೆ ಮೂರು ಕಿಲೋ ಸಾಕು. ಕಡಲೆಗೆ ಇಪ್ಪತ್ತೈದು ಕಿಲೋ ಎಲ್ಲಿ, ಜೋಳಕ್ಕೆ ಮೂರು ಎಲ್ಲಿ! ಬೀಜಕ್ಕೆ ಸಾಲ ಬೇಕಾ ಅನ್ನುವುದು ಯಾವ ಬೆಳೆ ಅನ್ನುವುದರ ಮೇಲೂ ಹೋಗುತ್ತದೆ. ಜೋಳದಿಂದ ಕಡಲೆಯಷ್ಟು ದುಡ್ಡು ಬರುವುದಿಲ್ಲ, ತೆಳು ಹೊಲದಲ್ಲಂತೂ ಇಲ್ಲ. ಆದರೆ ಮನೆಗೆ ರೊಟ್ಟಿ, ಎತ್ತಿಗೆ ಕಣಿಕಿ. ತೆನೆ ಸಣ್ಣದಾದರೂ ಕಣಿಕಿ ಸಿಗುತ್ತದೆ. ಹೋದರೆ ಹೋಗುವುದು ಕೂರಿಗೆ ಬಾಡಿಗೆ ಮಾತ್ರ.

ಇನ್ನು ಕೆಳಗಿನ ಎರಡು ಎಕರೆಗೆ 50 ಕಿಲೋ ಕಡಲೆ ಬೀಜ. ಹೊಲದಿಂದ ಬರುವಾಗ ಮಲ್ಲಪ್ಪ ಕಾಕಾ ಕಟ್ಟೆ ಮೇಲೆ ಸಿಕ್ಕರು. ಹೋದ ವರ್ಷದ ಜೆಜಿ-11 ಕಡಲೆಯನ್ನು ಬೀಜಕ್ಕೆ ಅಂತ ಇಟ್ಟುಕೊಂಡಿದ್ದರು.

"ಸವಾಯಿ ಮ್ಯಾಲೆ ಒಯ್ಯಿ. ರಾಶಿ ಆದ ಮ್ಯಾಲೆ ಕೊಡು" ಅಂದರು ಕಾಕಾ.

ಸವಾಯಿ ಅಂದರೆ ಒಂದಕ್ಕೆ ಒಂದೂಕಾಲು. 50 ಕಿಲೋ ಒಯ್ದರೆ ರಾಶಿಯಲ್ಲಿ ಅರವತ್ತೆರಡೂವರೆ ಕಿಲೋ ಹಿಂದಿರುಗಿಸಬೇಕು. ಕೇಳಿದರೆ ಹೌಹಾರಬೇಕು. ನಾಲ್ಕು ತಿಂಗಳಿಗೆ ನೂರಕ್ಕೆ ಇಪ್ಪತ್ತೈದು! ದಲಾಲಿಯ ಮೂರು ರೂಪಾಯಿಯೇ ವಾಸಿ ಅನ್ನಿಸುತ್ತದೆ, ಅಲ್ವಾ?

ನಿಲ್ಲಿ. ಕಾಳಿನ ಸಾಲವನ್ನು ಕಾಳಿನಲ್ಲೇ ಅಳೆದರೆ ಮೋಸ ಹೋಗುತ್ತೇವೆ. ತರುವಾಗ ಕಾಳಿಗೆ ಒಂದು ಬೆಲೆ, ಕೊಡುವಾಗ ಇನ್ನೊಂದು. ಅಕ್ಟೋಬರ್‌ನಲ್ಲಿ ಹಳೇ ಕಡಲೆ ಪೇಟೆಯಲ್ಲಿ ಕಿಲೋಗೆ 60 ಇದೆ ಅಂತಿಟ್ಟುಕೊಳ್ಳಿ. 50 ಕಿಲೋಗೆ 3,000. ರಾಶಿ ಹೊತ್ತಿಗೆ ಹೊಸ ಮಾಲು ಬಂದು 54ಕ್ಕೆ ಇಳಿದರೆ ಅರವತ್ತೆರಡೂವರೆ ಕಿಲೋಗೆ 3,375. ಅಂದರೆ ಬಡ್ಡಿ 375 ರೂಪಾಯಿ, ತಿಂಗಳಿಗೆ ನೂರಕ್ಕೆ ಮೂರರ ಸುಮಾರು. ಮಾಲು ಇಂಥ ಅಂಗಡಿಗೇ ಹಾಕು ಅನ್ನುವ ಕಟ್ಟು ಇಲ್ಲ. ಇನ್ನೂ ಒಂದು ಮಾತು. ಬಸಣ್ಣ ಇದನ್ನು ಬಿಟ್ಟರೆ ತರಬೇಕಾಗಿದ್ದು ಪೇಟೆಯ ಕಡಲೆಯನ್ನಲ್ಲ, ಅಂಗಡಿಯ ಬೀಜವನ್ನು. ಅದಕ್ಕೆ ಈಗಲೇ 4,500, ಮೇಲೆ ಅದರ ಬಡ್ಡಿ. ಬೆಲೆ ಏರಿ ರಾಶಿ ಹೊತ್ತಿಗೆ ಕಡಲೆ 70 ಆದರೂ ಕಾಕಾಗೆ ಕೊಡುವುದು 4,375. ಆಗಲೂ ಅಂಗಡಿಗಿಂತ ಕಡಿಮೆ. ಮೇಲಾಗಿ ಬೆಲೆ ಏರಿದ ವರ್ಷ ಅವನ ಉಳಿದ ಕಡಲೆಗೂ ಅದೇ ಬೆಲೆ ಸಿಗುತ್ತದಲ್ಲ.

ಸವಾಯಿಯಲ್ಲಿ ಅಪಾಯ ಇರುವುದು ಎರಡು ಕಡೆ. ಒಂದು, ಬೆಳೆ ಹೋದರೆ ಕಾಳು ಎಲ್ಲಿಂದ ತಂದು ಕೊಡುವುದು? ಅದನ್ನು ಮೊದಲೇ ಬಾಯಿಬಿಟ್ಟು ಮಾತಾಡಬೇಕು. ಬಸಣ್ಣ ಕೇಳಿದ. "ಹೋದ್ರ ಮುಂದಿನ ವರ್ಷ ಕೊಡೋ. ಮತ್ತ ಅದಕ್ಕ ಸವಾಯಿ ಏರ್ಸಂಗಿಲ್ಲ ನಾ" ಅಂದರು ಕಾಕಾ. ಆ ಮಾತು ಇಲ್ಲದಿದ್ದರೆ ಸವಾಯಿಯ ಮೇಲೆ ಸವಾಯಿ ಏರಿ ಎರಡನೇ ವರ್ಷಕ್ಕೆ ಐವತ್ತು ಕಿಲೋ ಎಪ್ಪತ್ತೆಂಟು ಆಗುತ್ತದೆ.

ಇನ್ನೊಂದು ಅಪಾಯ ಬೀಜದ್ದೇ. ಕಡಲೆ ಹೂವು ತನ್ನ ಪರಾಗದಿಂದಲೇ ಕಾಯಿ ಕಟ್ಟುವುದರಿಂದ ತಳಿ ಬೇಗ ಕೆಡುವುದಿಲ್ಲ, ಮನೆ ಬೀಜ ಎರಡು ಮೂರು ವರ್ಷ ನಡೆಯುತ್ತದೆ. ಗೋವಿನಜೋಳದ ಹೈಬ್ರಿಡ್‌ನಲ್ಲಿ ಈ ಆಟ ನಡೆಯುವುದಿಲ್ಲ. ಆದರೆ ಕಡಲೆಗೆ ಹುಳ ಬೀಳುತ್ತದೆ. ಗಂಗವ್ವ ಒಂದು ಬೊಗಸೆ ಕಾಳು ಮೊರದಲ್ಲಿ ಹರಡಿ ತೂತು ಬಿದ್ದವನ್ನು ನೋಡಿದಳು. ಆಮೇಲೆ ನೂರು ಕಾಳು ಎಣಿಸಿದಳು. ಚೀಲದ ಮೇಲಿಂದ ಅಲ್ಲ, ನಡುವಿಂದ ಮತ್ತು ತಳದಿಂದಲೂ ತೆಗೆದು. ಹಸಿ ಗೋಣಿ ತಟ್ಟಿನಲ್ಲಿ ಸುತ್ತಿ ಒಲೆ ಹತ್ತಿರ ಇಟ್ಟು ದಿನಾ ನೀರು ಚಿಮುಕಿಸಿದಳು. ನಾಲ್ಕನೇ ದಿನ ಬಿಚ್ಚಿದಾಗ 86 ಮೊಳಕೆ. ಅಂಗಡಿಯ ಪ್ರಮಾಣಿತ ಬೀಜಕ್ಕೆ ಕೇಳುವುದೇ 85. ಎಪ್ಪತ್ತೇ ಹುಟ್ಟಿದ್ದರೂ ಕೈಬಿಡಬೇಕಿರಲಿಲ್ಲ, ಎಕರೆಗೆ 25ರ ಬದಲು 30 ಕಿಲೋ ಹಾಕಬೇಕಿತ್ತು. ಐವತ್ತೇ ಹುಟ್ಟಿದ್ದರೆ ಅದು ಬೇಳೆಗೆ ಹೋಗಬೇಕಾದ ಮಾಲು.

ಈಗ ಕೈಗೆ ಬೇಕಾದ ದುಡ್ಡು ಮತ್ತೆ ಎಣಿಸಿ. ಡಿಎಪಿ ಒಂದು ಚೀಲ 1,350. ಬೀಜೋಪಚಾರಕ್ಕೆ ಟ್ರೈಕೋಡರ್ಮಾ, ಕಿಲೋ ಬೀಜಕ್ಕೆ 4 ಗ್ರಾಂನಂತೆ 200 ಗ್ರಾಂ, ಇತರೆ ಸೇರಿ 150. ನಾಲ್ಕು ಎಕರೆಗೂ ಕೂರಿಗೆ 2,800. ಒಟ್ಟು 4,300. ಮೂವತ್ತು ಸಾವಿರದಿಂದ ಹದಿನೈದಕ್ಕೆ, ಹದಿನೈದರಿಂದ ನಾಲ್ಕು ಸಾವಿರದ ಮುನ್ನೂರಕ್ಕೆ.

ಗಂಗವ್ವನ ಸ್ವಸಹಾಯ ಸಂಘದಲ್ಲಿ ಬಡ್ಡಿ ತಿಂಗಳಿಗೆ ಒಂದು ರೂಪಾಯಿ. ಆ ವಾರದ ಸಭೆಯಲ್ಲಿ 4,500 ಕೇಳಿದಳು. ಎರಡು ತಿಂಗಳಿಗೆ ಬಡ್ಡಿ 90. ಕೆಟ್ಟ ಲೆಕ್ಕಕ್ಕೆ ಹಚ್ಚಿ ನೋಡಿದರೆ, ಗೋವಿನಜೋಳ 1,600ಕ್ಕೆ ಹೋಗಿ ಕಡಲೆ ಪೂರಾ ಹೋದರೂ ಉಳಿಯುವ 4,400ಕ್ಕೆ ತೀರಿಸಬೇಕಾದದ್ದು 4,590. ಹೆಚ್ಚುಕಡಿಮೆ ಸಮ. ಎಣ್ಣೆ ಹೊಡೆಯುವ ಖರ್ಚನ್ನು ಗಿಡ ನೋಡಿ ಆಗ ನಿರ್ಧಾರ ಮಾಡಬಹುದು. ಸೊಸೈಟಿಯ ಅರವತ್ತು ಸಾವಿರ ಮಾತ್ರ ಎಲ್ಲೂ ಅಲುಗಾಡುವುದಿಲ್ಲ.

ಒಳ್ಳೆ ವರ್ಷವಾದರೆ ಬಸಣ್ಣ ಸ್ವಲ್ಪ ಕಳಕೊಳ್ಳುತ್ತಾನೆ, ಅದನ್ನು ಮುಚ್ಚಿಡಬಾರದು. ಚಿತ್ತಾ ಮಳೆ ಚೆನ್ನಾಗಿ ಹಿಡಿದರೆ ಮೇಲಿನ ಹೊಲದಲ್ಲೂ ಕಡಲೆ ಬರುತ್ತಿತ್ತು, ಪಕ್ಕದವನಿಗೆ ಬಂದೇ ಬರುತ್ತದೆ. ಆಗ ಕಟ್ಟೆಯ ಮೇಲೆ ನಾಲ್ಕು ಮಾತು ಕೇಳಬೇಕಾಗುತ್ತದೆ. ನನ್ನ ಕೇಳಿದರೆ ಅದು ಅವನು ಕಟ್ಟಿದ ವಿಮೆ ಕಂತು ಅಂತಲೇ ತಿಳಿಯಬೇಕು. ಕಾರ್ಡಿನಲ್ಲಿ ಜಾಗ ಇದ್ದವನು, ಸೊಸೈಟಿ ಬಾಕಿ ಇಲ್ಲದವನು, ನಾಲ್ಕೂ ಎಕರೆ ಆಳ ಎರೆ ಇದ್ದವನು ಇದೇ ದಿನ ಹದಿನೈದು ಸಾವಿರ ಸಾಲ ಮಾಡಿ ಪೂರಾ ಬಿತ್ತಿದ್ದರೆ ಅದೂ ಸರಿಯೇ. ಬಸಣ್ಣನ ಕೈಯಲ್ಲಿದ್ದದ್ದು ಆ 4,400 ಮಾತ್ರ.

ಅಕ್ಟೋಬರ್ 6ಕ್ಕೆ ಕೂರಿಗೆ ಹೂಡಿದರು. ಕೆಳಗಿನ ಹೊಲಕ್ಕೆ ಕಡಲೆ, ಮೇಲಿನದ್ದಕ್ಕೆ ಜೋಳ. ದಲಾಲಿ ಅಂಗಡಿಗೆ ಹೋಗಿ "ಈ ಸಲ ಬ್ಯಾಡ್ರಿ ಸಾವಕಾರ" ಅಂತ ಹೇಳಿ ಬಂದ. ಅವರೇನೂ ಬೇಸರ ಮಾಡಿಕೊಳ್ಳಲಿಲ್ಲ, ಚಹಾ ತರಿಸಿದರು.

ಗೋವಿನಜೋಳ ನವೆಂಬರ್ 17ಕ್ಕೆ ಪೇಟೆಗೆ ಹೋಯಿತು. ಬಸಣ್ಣ ಮೂರು ಅಂಗಡಿಯಲ್ಲಿ ಧಾರಣೆ ಕೇಳಿ ಮೂರನೆಯದರಲ್ಲಿ ಇಳಿಸಿದ. ಕ್ವಿಂಟಲ್‌ಗೆ 1,720. ಮರುದಿನ ಸಂಘದ ಸಭೆಯಲ್ಲಿ ಗಂಗವ್ವ 4,590 ಕಟ್ಟಿ ಪಾಸ್‌ಬುಕ್‌ಗೆ ಸಹಿ ಹಾಕಿಸಿಕೊಂಡಳು. ಬಸಣ್ಣ ಅದೇ ಹೊತ್ತಿಗೆ ಕೆಳಗಿನ ಹೊಲದಲ್ಲಿ ಬಗ್ಗಿ ಕಡಲೆಯ ಎಲೆ ಮಗುಚಿ ನೋಡುತ್ತಿದ್ದ. ಹೂವು ಬಿಡಲಿಕ್ಕೆ ಹತ್ತಿತ್ತು. ಒಂದೆರಡು ಕುಡಿಯ ಮೇಲೆ ಕಾಯಿಕೊರಕದ ತತ್ತಿ ಬಿಳಿ ಗಸಗಸೆಯ ಹಾಗೆ ಕಾಣಿಸುತ್ತಿತ್ತು.